ರಿಪೇರಿ ಮೇಳಕ್ಕೆ ಪ್ರಾಯೋಜಕತ್ವ ಕೋರಿ ಮನವಿ

ಇವರಿಗೆ,
ಮಾರ್ಕೆಟಿಂಗ್ ವಿಭಾಗದ ಮುಖ್ಯಸ್ಥರು

ವಿಷಯ: ನವೆಂಬರ್ ಎರಡನೇ ಭಾನುವಾರ ನಡೆಯುವ ಮೂರನೇ ವರ್ಷದ ರಿಪೇರಿ ಮೇಳಕ್ಕೆ ನಿಮ್ಮ ಕಂಪನಿಯ ಪ್ರಾಯೋಜಕತ್ವ

ಮಾನ್ಯರೇ,

ನಿಮ್ಮ ಕಂಪನಿ ಸ್ಕ್ರೂಡ್ರೈವರ್, ಕಟಿಂಗ್ ಪ್ಲೇಯರ್, ಮಲ್ಟಿಮೀಟರ್, ಸೋಲ್ಡರಿಂಗ್ ಐರನ್ ತಯಾರಿಸುತ್ತದೆ. ನಮ್ಮ ಮೇಳದಲ್ಲಿ ಇಡೀ ದಿನ ಕೆಲಸ ಮಾಡುವುದು ಇವೇ. ಅದಕ್ಕೇ ಮೊದಲು ನಿಮಗೆ ಬರೆಯುತ್ತಿದ್ದೇವೆ.

ಕೆಟ್ಟುಹೋದ ಮಿಕ್ಸಿ, ಫ್ಯಾನ್, ಇಸ್ತ್ರಿ ಪೆಟ್ಟಿಗೆ, ಟೇಬಲ್ ಲ್ಯಾಂಪ್, ಸೈಕಲ್‌ಗಳನ್ನು ಜನ ಮೇಳಕ್ಕೆ ತರುತ್ತಾರೆ. ಕೆಲಸ ಬಲ್ಲ ಸ್ವಯಂಸೇವಕರು ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ಬಿಚ್ಚಿ, ತೋರಿಸಿ, ಸರಿ ಮಾಡುತ್ತಾರೆ. ಯಾರಿಂದಲೂ ಹಣ ಪಡೆಯುವುದಿಲ್ಲ. ವಸ್ತು ತಂದವರೂ ಒಂದು ಸ್ಕ್ರೂ ಆದರೂ ತಾವೇ ತಿರುಗಿಸಬೇಕು ಎಂಬುದು ನಮ್ಮ ನಿಯಮ.

ಕಳೆದ ವರ್ಷ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ 1,140 ಜನ ಬಂದರು. ಅದರ ಹಿಂದಿನ ವರ್ಷ ಬಂದವರು 620. ಇವು ಅಂದಾಜಿನ ಲೆಕ್ಕವಲ್ಲ. ಗೇಟಿನಲ್ಲಿ ಕೈಗೆ ಮುದ್ರೆ ಹಾಕಿ ಒಬ್ಬರನ್ನು ಒಮ್ಮೆ ಮಾತ್ರ ಎಣಿಸಿದ್ದೇವೆ, ನಮ್ಮ 52 ಸ್ವಯಂಸೇವಕರನ್ನು ಬಿಟ್ಟು. ಈ ವರ್ಷ 1,500 ಜನ ಬರಬಹುದು ಎಂಬ ನಿರೀಕ್ಷೆ ಇದೆ. ಆದರೆ ನಿಮ್ಮ ತೀರ್ಮಾನಕ್ಕೆ ಕಳೆದ ವರ್ಷದ ಸಂಖ್ಯೆಯನ್ನೇ ಆಧಾರವಾಗಿ ಇಟ್ಟುಕೊಳ್ಳಿ.

ಒಟ್ಟು 298 ಮನೆಗಳಿಂದ 386 ವಸ್ತುಗಳು ಬಂದವು. ಅವುಗಳಲ್ಲಿ 271 ಅಂದೇ ಸರಿಯಾದವು. 48ಕ್ಕೆ ಬಿಡಿಭಾಗ ಬೇಕಾಗಿತ್ತು. ಉಳಿದ 67 ನಮ್ಮ ಕೈಲಿ ಆಗಲಿಲ್ಲ. ಟೋಕನ್ ಕೊಡುವಾಗ ಪ್ರತಿ ಮನೆಯವರಿಗೂ ಒಂದು ಪ್ರಶ್ನೆ ಕೇಳಿದ್ದೆವು: ಮನೆಯಲ್ಲಿ ಒಂದು ಒಳ್ಳೆಯ ಸ್ಕ್ರೂಡ್ರೈವರ್ ಸೆಟ್ ಇದೆಯಾ? 117 ಮನೆಯವರು ಇಲ್ಲ ಎಂದರು. ಹೋಗುವಾಗ ಎಷ್ಟೋ ಜನ ‘ಇದು ಯಾವ ಕಂಪನಿಯದು, ಎಲ್ಲಿ ಸಿಗುತ್ತೆ?’ ಎಂದು ಮೇಜಿನ ಮೇಲಿದ್ದ ಉಪಕರಣ ತೋರಿಸಿ ಕೇಳುತ್ತಿದ್ದರು. ನಿಮ್ಮಂಥ ಕಂಪನಿಗೆ ಗೇಟಿನ ಲೆಕ್ಕಕ್ಕಿಂತ ಇದೇ ಮುಖ್ಯ ಎಂದು ನಮ್ಮ ಭಾವನೆ. ಬ್ಯಾನರ್ ನೋಡಿ ಮುಂದೆ ಹೋಗುವವರು ಬೇರೆ, ಅರ್ಧ ಗಂಟೆ ನಿಮ್ಮ ಉಪಕರಣ ಹಿಡಿದು ಕೆಲಸ ಮಾಡಿದವರು ಬೇರೆ, ಅಲ್ವಾ?

ನಿಮ್ಮಿಂದ ನಾವು ಕೇಳುತ್ತಿರುವುದು ಎರಡು. 12 ಮೇಜುಗಳಿಗೆ ತಲಾ ಎರಡರಂತೆ 24 ಟೂಲ್ ಸೆಟ್, ಜೊತೆಗೆ ಮೇಳದ ಒಟ್ಟು ಖರ್ಚಿನ ಮೂರನೇ ಒಂದು ಪಾಲು. ಮೇಜು-ಕುರ್ಚಿ ಬಾಡಿಗೆ, ವಿದ್ಯುತ್ ಸಂಪರ್ಕ, ವಿಮೆ, ಬಿಡಿಭಾಗ, ಮುದ್ರಣ ಹೀಗೆ ಪ್ರತಿ ಖರ್ಚಿನ ವಿವರವನ್ನೂ ಈ ಪತ್ರದ ಜೊತೆ ಲಗತ್ತಿಸಿದ್ದೇವೆ. ಉಳಿದ ಎರಡು ಪಾಲು ಸದಸ್ಯರ ವಂತಿಗೆ ಮತ್ತು ಸಣ್ಣ ದೇಣಿಗೆಗಳಿಂದ ಬರುತ್ತದೆ.

ಇದಕ್ಕೆ ಪ್ರತಿಯಾಗಿ, ಹನ್ನೆರಡೂ ಮೇಜುಗಳ ಮೇಲೆ ನಿಮ್ಮ ಉಪಕರಣಗಳೇ ಇರುತ್ತವೆ. ಕೈ ಉಪಕರಣ ಮಾರುವ ಇನ್ನೊಂದು ಕಂಪನಿಯನ್ನು ಈ ವರ್ಷ ಪ್ರಾಯೋಜಕರಾಗಿ ಸೇರಿಸಿಕೊಳ್ಳುವುದಿಲ್ಲ. ಸರಿಯಾದ ಪ್ರತಿ ವಸ್ತುವಿಗೂ ಏನು ಕೆಟ್ಟಿತ್ತು, ಏನು ಬದಲಾಯಿಸಿದೆವು ಎಂದು ಬರೆದ ಚೀಟಿ ಕಟ್ಟುತ್ತೇವೆ, ಅದರ ಮೇಲೆ ನಿಮ್ಮ ಲೋಗೊ ಇರುತ್ತದೆ. ಆ ಚೀಟಿ ಮನೆಗೆ ಹೋಗುತ್ತದೆ. ಗೇಟಿನ ಪಕ್ಕ ನಿಮಗೊಂದು ಮಳಿಗೆ ಕೊಡುತ್ತೇವೆ, ಅಲ್ಲಿ ಮಾರಾಟವನ್ನೂ ಮಾಡಬಹುದು. ಮಧ್ಯಾಹ್ನ 12ಕ್ಕೆ ಮಲ್ಟಿಮೀಟರ್ ಬಳಸುವುದು ಹೇಗೆ ಎಂದು ನಿಮ್ಮ ತಂತ್ರಜ್ಞರು ಅರ್ಧ ಗಂಟೆ ಕಲಿಸಿದರೆ ನಮಗೆ ನಿಜಕ್ಕೂ ಸಂತೋಷ. ಕಳೆದ ಸಲ ಜಾಸ್ತಿ ಜನ ಕೇಳಿದ್ದು ಅದನ್ನೇ. ಬ್ಯಾನರ್, ಪೋಸ್ಟರ್‌ಗಳಲ್ಲಿ ಹೆಸರು ಇದ್ದೇ ಇರುತ್ತದೆ.

ಒಂದನ್ನು ಮಾತ್ರ ಕೊಡಲಾಗದು: ಬಂದವರ ಫೋನ್ ನಂಬರ್. ಟೋಕನ್‌ಗೆಂದು ಪಡೆದ ನಂಬರನ್ನು ಬೇರೆ ಕೆಲಸಕ್ಕೆ ಬಳಸುವುದಿಲ್ಲ ಎಂದು ಜನರಿಗೆ ಮಾತು ಕೊಟ್ಟಿದ್ದೇವೆ. ಆದರೆ ಯಾವ ಬಗೆಯ ವಸ್ತು ಎಷ್ಟು ಬಂತು, ಯಾವ ಭಾಗ ಜಾಸ್ತಿ ಕೆಟ್ಟಿತ್ತು, ಯಾವ ಉಪಕರಣ ಹೆಚ್ಚು ಬೇಕಾಯಿತು ಎಂಬ ವರದಿಯನ್ನು ಫೋಟೊ ಮತ್ತು ಖರ್ಚಿನ ರಸೀದಿಗಳ ಸಮೇತ 15 ದಿನಗಳಲ್ಲಿ ಕಳಿಸುತ್ತೇವೆ.

ನಿಮ್ಮ ಹೆಸರಿಗೆ ಧಕ್ಕೆ ಬರಬಾರದು ಎಂಬ ಎಚ್ಚರ ನಮಗೂ ಇದೆ. ವಿದ್ಯುತ್ ವಸ್ತುಗಳನ್ನು ಇನ್ಸುಲೇಶನ್ ಪರೀಕ್ಷೆ ಮಾಡದೆ ವಾಪಸ್ ಕೊಡುವುದಿಲ್ಲ. ಮೈಕ್ರೊವೇವ್ ಓವನ್ ತೆಗೆದುಕೊಳ್ಳುವುದೇ ಇಲ್ಲ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ನಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು. ಮೇಳ ಕಾರಣಾಂತರದಿಂದ ರದ್ದಾದರೆ ಖರ್ಚಾಗದ ಹಣ ಮತ್ತು ಟೂಲ್ ಸೆಟ್‌ಗಳನ್ನು ಹಿಂತಿರುಗಿಸುತ್ತೇವೆ. ಮೇಳ ನಡೆದರೆ ಆ ಸೆಟ್‌ಗಳು ನಮ್ಮ ಎರವಲು ಕಪಾಟಿಗೆ ಸೇರುತ್ತವೆ. ಅಲ್ಲಿಂದ ಯಾರು ಬೇಕಾದರೂ ವಾರದ ಮಟ್ಟಿಗೆ ಒಯ್ಯಬಹುದು.

ಸೆಪ್ಟೆಂಬರ್ 25ರ ಒಳಗೆ ನಿಮ್ಮ ತೀರ್ಮಾನ ತಿಳಿಸಿದರೆ ಚೀಟಿ ಮತ್ತು ಪೋಸ್ಟರ್‌ಗಳನ್ನು ನಿಮ್ಮ ಲೋಗೊ ಜೊತೆಗೇ ಮುದ್ರಣಕ್ಕೆ ಕೊಡಬಹುದು. ಪೂರ್ತಿ ಮೊತ್ತ ಕಷ್ಟವಾದರೆ ಟೂಲ್ ಸೆಟ್‌ಗಳನ್ನಷ್ಟೇ ಕೊಟ್ಟರೂ ಮೇಜು ಮತ್ತು ಚೀಟಿಯ ಮೇಲಿನ ಹೆಸರು ನಿಮ್ಮದೇ. ನೀವು ಹೇಳಿದ ದಿನ ನಾವಿಬ್ಬರು ನಿಮ್ಮ ಕಚೇರಿಗೆ ಬಂದು, ಕಳೆದ ವರ್ಷದ ಟೋಕನ್ ಪುಸ್ತಕ ಮತ್ತು ಲೆಕ್ಕಪತ್ರ ತೋರಿಸಿ ಮಾತಾಡಲು ಸಿದ್ಧರಿದ್ದೇವೆ.

ವಂದನೆಗಳೊಂದಿಗೆ,

ಸಂಚಾಲಕರು ಮತ್ತು ಖಜಾಂಚಿ
ರಿಪೇರಿ ಮೇಳ ಸಮಿತಿ

ಲಗತ್ತು: ಖರ್ಚಿನ ಅಂದಾಜು ಪಟ್ಟಿ, ಕಳೆದ ವರ್ಷದ ವರದಿ, ಚೀಟಿಯ ಮಾದರಿ