ಹೃದಯ ಮತ್ತು ಕಿಡ್ನಿ: ಬಾಣ ಹಾಕಿ ದಾರಿ ತೋರಿಸಿ

ಪ್ಲಸ್ ವನ್ ಪ್ರಾಣಿಶಾಸ್ತ್ರ, ಕನ್ನಡ ಮಾಧ್ಯಮದಿಂದ ಬಂದವರಿಗೆ ಅಭ್ಯಾಸ ಹಾಳೆ
ಟ್ಯೂಷನ್ ತರಗತಿ, ಬದಿಯಡ್ಕ
ಒಟ್ಟು ಸ್ಕೋರ್: 20

ಮೊದಲ 10 ನಿಮಿಷ ಕೂಲ್ ಆಫ್ ಟೈಮ್. ಪೆನ್ನು ಮುಟ್ಟಬೇಡಿ, ಬೆರಳಿಟ್ಟು ಚಿತ್ರದಲ್ಲಿ ದಾರಿ ಹುಡುಕಿ. ಹೆಸರು ಬಾಯಿಪಾಠ ಆದರೆ ಸಾಲದು. ಇಲ್ಲಿಂದ ಅಲ್ಲಿಗೆ ಯಾಕೆ ಹೋಯಿತು ಎಂದು ಹೇಳಲು ಬರಬೇಕು.

ಚಿತ್ರ 1: ಹೃದಯ
ಅ – ಎಡ ಹೃತ್ಕುಕ್ಷಿ, ಆ – ಶ್ವಾಸಕೋಶದ ಅಪಧಮನಿ, ಇ – ಬಲ ಹೃತ್ಕರ್ಣ, ಈ – ಮಹಾಪಧಮನಿ, ಉ – ಶ್ವಾಸಕೋಶದ ಅಭಿಧಮನಿಗಳು, ಊ – ಬಲ ಹೃತ್ಕುಕ್ಷಿ, ಎ – ಎಡ ಹೃತ್ಕರ್ಣ, ಏ – ಮಹಾ ಅಭಿಧಮನಿಗಳು.

(ಚಿತ್ರದ ಎಡಭಾಗ ಅಂದರೆ ಹೃದಯದ ಬಲಭಾಗ. ಎದುರು ನಿಂತವರನ್ನು ನೋಡಿದ ಹಾಗೆ.)

1. ಏ ಯಿಂದ ಹೊರಟ ರಕ್ತ ಈ ತಲುಪುವವರೆಗಿನ ದಾರಿಯನ್ನು ಅಕ್ಷರಗಳಲ್ಲಿ ಬರೆಯಿರಿ. ಶ್ವಾಸಕೋಶ ಎಲ್ಲಿ ಬರುತ್ತದೆ? ಆಕ್ಸಿಜನ್ ಕಡಿಮೆ ಇರುವ ರಕ್ತ ಹರಿಯುವ ಅಪಧಮನಿ ಯಾವುದು? (4)

2. ಅ ಸಂಕುಚಿಸಿದಾಗ ರಕ್ತ ಎ ಗೆ ಮರಳುವುದಿಲ್ಲ. ತಡೆಯುವುದು ಯಾವುದು? (2)

3. ಒಂದು ಮಗುವಿಗೆ ಅ ಮತ್ತು ಊ ನಡುವಿನ ಗೋಡೆಯಲ್ಲಿ ಹುಟ್ಟುವಾಗಲೇ ತೂತು ಇದೆ. ರಕ್ತ ಯಾವ ಕಡೆಯಿಂದ ಯಾವ ಕಡೆಗೆ ನುಗ್ಗುತ್ತದೆ? ಗೋಡೆಯ ದಪ್ಪ ನೋಡಿ ಉತ್ತರಿಸಿ. ಆಗ ಆ ದಲ್ಲಿ ರಕ್ತ ಜಾಸ್ತಿಯೋ ಕಡಿಮೆಯೋ? (3)

ಚಿತ್ರ 2: ನೆಫ್ರಾನ್
ಕ – ಬೌಮನ್ ಕೋಶ, ಖ – ರಕ್ತ ತರುವ ಕಿರು ಅಪಧಮನಿ, ಗ – ಹೆನ್ಲೆ ಕುಣಿಕೆಯ ಏರುವ ಭಾಗ, ಘ – ಗ್ಲೊಮೆರುಲಸ್, ಚ – ಸಂಗ್ರಾಹಕ ನಾಳ, ಛ – ಹತ್ತಿರದ ಸುರುಳಿ ನಳಿಕೆ, ಜ – ಕುಣಿಕೆಯ ಇಳಿಯುವ ಭಾಗ, ಝ – ದೂರದ ಸುರುಳಿ ನಳಿಕೆ, ಟ – ರಕ್ತ ಒಯ್ಯುವ ಕಿರು ಅಪಧಮನಿ.

4. ಒಂದು ಕೆಂಪು ರಕ್ತಕಣ ಮತ್ತು ಒಂದು ಯೂರಿಯಾ ಅಣು ಜೊತೆಯಾಗಿ ಖ ಗೆ ಬಂದವು. ಯೂರಿಯಾ ಮೂತ್ರಕ್ಕೆ ಸೇರಿತು. ಇಬ್ಬರೂ ಎಲ್ಲಿ ಬೇರೆಯಾದರು? ಎರಡರ ದಾರಿಯನ್ನೂ ಬರೆಯಿರಿ. ಗ್ಲೂಕೋಸ್ ಸಹ ಸೋಸಿ ಹೋಗುತ್ತದೆ ಅಲ್ವಾ, ಹಾಗಾದರೆ ಆರೋಗ್ಯವಂತರ ಮೂತ್ರದಲ್ಲಿ ಯಾಕೆ ಕಾಣುವುದಿಲ್ಲ? (4)

5. ಏಪ್ರಿಲ್ ಬಿಸಿಲು. ಪೆರ್ಲದ ಒಬ್ಬರು ಅಂಗಳದಲ್ಲಿ ಅಡಿಕೆ ಹರಗುತ್ತಾ ಮಧ್ಯಾಹ್ನದವರೆಗೆ ನೀರೇ ಕುಡಿಯಲಿಲ್ಲ. ಮೂತ್ರ ಸ್ವಲ್ಪವೇ ಬಂತು, ಬಣ್ಣ ಗಾಢ. ಎಡಿಎಚ್ ಮುಖ್ಯವಾಗಿ ಯಾವ ಅಕ್ಷರದ ಹತ್ತಿರ ಕೆಲಸ ಮಾಡಿತು? ನಿಮಿಷಕ್ಕೆ 125 ಮಿ.ಲೀ. ಸೋಸಿದರೆ ದಿನಕ್ಕೆ ಎಷ್ಟು ಲೀಟರ್? (3)

6. ಎರಡೂ ಚಿತ್ರ ಬೇಕು. ಕೈಯ ಅಭಿಧಮನಿಗೆ ಚುಚ್ಚಿದ ಔಷಧಿ ಮೂತ್ರದಲ್ಲಿ ಸಿಕ್ಕಿತು. ಪೂರ್ತಿ ದಾರಿ ಬರೆಯಿರಿ. ಕೈಯಿಂದ ನೇರ ಕಿಡ್ನಿಗೆ ಬಾಣ ಹಾಕಿದರೆ ಸ್ಕೋರ್ ಇಲ್ಲ. (4)

ಉತ್ತರ ಸೂಚಿ (2 ಮತ್ತು 3 ನ್ನು ತರಗತಿಯಲ್ಲಿ ಬೋರ್ಡಿನ ಮೇಲೆ ಬಿಡಿಸೋಣ)

1: ಏ → ಇ → ಊ → ಆ → ಶ್ವಾಸಕೋಶ → ಉ → ಎ → ಅ → ಈ. ಅಪಧಮನಿ ಆ.

4: ಬೇರೆಯಾದದ್ದು ಘ ದಲ್ಲಿ. ಕಣ: ಖ → ಘ → ಟ. ಯೂರಿಯಾ: ಖ → ಘ → ಕ → ಛ → ಜ → ಗ → ಝ → ಚ. ಗ್ಲೂಕೋಸನ್ನು ಛ ಪೂರ್ತಿ ವಾಪಸು ಹೀರುತ್ತದೆ.

5: ಚ. ದಿನಕ್ಕೆ 180 ಲೀಟರ್. ಮೂತ್ರವಾಗುವುದು ಸುಮಾರು ಒಂದೂವರೆ ಲೀಟರ್ ಮಾತ್ರ. ಉಳಿದದ್ದು ರಕ್ತಕ್ಕೇ ಮರಳುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಛ ದಲ್ಲಿ.

6: ಮೇಲಿನ ಮಹಾ ಅಭಿಧಮನಿಯಿಂದ ಶುರು. 1 ರ ದಾರಿಯಲ್ಲಿ ಈ ವರೆಗೆ, ಕಿಡ್ನಿಯ ಅಪಧಮನಿ, ಮತ್ತೆ 4 ರ ಯೂರಿಯಾ ದಾರಿ, ಮೂತ್ರನಾಳ, ಮೂತ್ರಕೋಶ.