ಸ್ಟ್ಯಾಂಡ್ 9ರಲ್ಲಿ ಬ್ಯಾಗೇಜ್ ಟಗ್ ತಗುಲಿ ಲೋಡರ್‌ಗೆ ಗಾಯ: ಘಟನಾ ವರದಿ

ದಿನಾಂಕ, ಸಮಯ: 18-11-2025, ಮಂಗಳವಾರ, ರಾತ್ರಿ 9:42
ಜಾಗ: ಏಪ್ರನ್, ಸ್ಟ್ಯಾಂಡ್ 9, ವಿಮಾನದ ಬಲಗಡೆ, ಹಿಂದಿನ ಹೋಲ್ಡ್ ಬಳಿ
ಬರೆದವರು: ರ್‍ಯಾಂಪ್ ಶಿಫ್ಟ್ ಇನ್‌ಚಾರ್ಜ್, ರಾತ್ರಿ ಪಾಳಿ

ಎ320 ವಿಮಾನ 9:31ಕ್ಕೆ ಬಂದು ನಿಂತಿತು. ಚೋಕ್ ಹಾಕಿ, ಇಂಜಿನ್ ನಿಂತು, ಬೀಕನ್ ಆರಿದ ಮೇಲೆಯೇ ನಮ್ಮವರು ಹತ್ತಿರ ಹೋದರು. ಮಳೆ ಇರಲಿಲ್ಲ, ನೆಲ ಒಣಗಿತ್ತು.

ಬೆಲ್ಟ್ ಲೋಡರ್ ಗಾಡಿ ಇನ್ನೂ ಹೋಲ್ಡ್ ಬಾಗಿಲಿಗೆ ಬಂದಿರಲಿಲ್ಲ. ಅದರ ಪಕ್ಕ, ಸುಮಾರು 8 ಮೀಟರ್ ಹಿಂದೆ, ಮೂರು ಖಾಲಿ ಟ್ರಾಲಿ ಕಟ್ಟಿದ ಟಗ್ ನಿಂತಿತ್ತು. ಗಾಯಗೊಂಡ ಲೋಡರ್ ಟಗ್ ಮುಂದೆ ಬಗ್ಗಿ, ಯಾವುದೋ ಸೂಟ್‌ಕೇಸಿನಿಂದ ಕಿತ್ತುಬಂದ ಚಕ್ರ ಎತ್ತುತ್ತಿದ್ದರು. ಅದನ್ನು ಅಲ್ಲೇ ಬಿಟ್ಟರೆ ಇಂಜಿನ್ ಎಳೆದುಕೊಳ್ಳಬಹುದು, ಹಾಗಾಗಿ ಅವರು ಮಾಡಿದ್ದು ಸರಿಯಾದ ಕೆಲಸವೇ.

ಕೊಟ್ಟ ಸೂಚನೆ: ಟೀಮ್ ಲೀಡರ್ ವಾಕಿಯಲ್ಲಿ ಹೇಳಿದ್ದು ಇಷ್ಟೇ: "ಬಾ, ಬಾ, ಕ್ಲಿಯರ್." ಕರೆದದ್ದು ಬೆಲ್ಟ್ ಲೋಡರ್‌ನವರನ್ನು. ಟಗ್ ಡ್ರೈವರ್ ತನ್ನನ್ನೇ ಅಂದುಕೊಂಡು ಗಾಡಿ ಬಿಟ್ಟರು. ಇಬ್ಬರೂ ಒಂದೇ ಚಾನೆಲ್‌ನಲ್ಲಿದ್ದರು, ಯಾರ ಗಾಡಿ ಅಂತ ಹೇಳಲಿಲ್ಲ, ಯಾರೂ ತಿರುಗಿ ಕೇಳಲೂ ಇಲ್ಲ. 8:30ರ ಬ್ರೀಫಿಂಗ್ ಕೊಟ್ಟವನು ನಾನೇ. ರಿವರ್ಸ್ ತೆಗೆಯುವಾಗ ಹಿಂದೆ ಒಬ್ಬರು ನಿಂತಿರಬೇಕು ಅಂದಿದ್ದೆ. ಕರೆಯುವಾಗ ಗಾಡಿ ಹೆಸರು ಹೇಳಿ ಅಂತ ಅಂದಿರಲಿಲ್ಲ.

ವಾಹನ: ಬ್ಯಾಟರಿ ಟಗ್. ಡೀಸೆಲ್ ಟಗ್ ಆಗಿದ್ದರೆ ಸದ್ದಿಗಾದರೂ ಲೋಡರ್ ತಿರುಗಿ ನೋಡುತ್ತಿದ್ದರೇನೋ. ಬ್ರೇಕ್ ಪರೀಕ್ಷಿಸಿದೆವು, ಸರಿಯಾಗಿದೆ. ಮೇಲಿನ ಹಳದಿ ದೀಪ ತಿರುಗುತ್ತಿತ್ತು. ಎಡಗಡೆ ಹೆಡ್‌ಲೈಟ್ ಉರಿಯುತ್ತಿರಲಿಲ್ಲ, ಗಾಜಿನ ಒಳಗೆ ನೀರು ಸೇರಿ ಕಂದಿತ್ತು. ಸಂಜೆಯ ಚೆಕ್ ಪಟ್ಟಿಯಲ್ಲಿ ಅದೇ ದೀಪದ ಎದುರು ಸರಿ ಗುರುತು ಇದೆ. ಸುಮ್ನೆ ಗೀಚಿದ್ದು ಅಂತ ನನ್ನ ಅಭಿಪ್ರಾಯ. ಸಿಸಿಟಿವಿ ಪ್ರಕಾರ ವೇಗ ನಡಿಗೆಗಿಂತ ಜಾಸ್ತಿ ಇರಲಿಲ್ಲ. ಡ್ರೈವರ್ ಪರ್ಮಿಟ್ ಚಾಲ್ತಿಯಲ್ಲಿದೆ, ಬ್ರೆಥಲೈಜರ್ ಸೊನ್ನೆ ತೋರಿಸಿತು.

ಬೆಳಕು: ಹತ್ತಿರದ ಹೈಮಾಸ್ಟ್‌ನಲ್ಲಿ ಎರಡು ದೀಪ ಕೆಟ್ಟಿವೆ. 15ನೇ ತಾರೀಖೇ ರಿಜಿಸ್ಟರ್‌ನಲ್ಲಿ ಬರೆದಿದ್ದೇವೆ. ಉಳಿದ ಬೆಳಕಿಗೂ ಬೆಲ್ಟ್ ಲೋಡರ್ ಅಡ್ಡ ಇತ್ತು. ಲೋಡರ್ ಬಗ್ಗಿದ್ದ ಜಾಗ ಸರಿಯಾಗಿ ಅದರ ನೆರಳಿನಲ್ಲಿ. ರಾತ್ರಿ 10:20ಕ್ಕೆ ಗಾಡಿಗಳನ್ನು ಕದಲಿಸುವ ಮೊದಲೇ ಲಕ್ಸ್ ಮೀಟರ್ ಇಟ್ಟು ನೋಡಿದೆ: 7 ಲಕ್ಸ್. ವಿಮಾನ ನಿಲ್ಲುವ ಜಾಗದಲ್ಲಿ ಸರಾಸರಿ 20 ಇರಬೇಕು. ಹೊಳೆಯುವ ಜಾಕೆಟ್ ಹಾಕಿದ್ದರು. ಆದರೆ ಬಗ್ಗಿದಾಗ ಪಟ್ಟಿಗಳು ಮಡಿಕೆಯೊಳಗೆ ಹೋಗಿದ್ದವು.

ಗಾಯ: ಬಲಗಾಲಿನ ಮೇಲೆ ಮುಂದಿನ ಚಕ್ರ ಹತ್ತಿತು. ಶೂ ಮುಂದಿನ ಉಕ್ಕಿನ ಟೊಪ್ಪಿ ಬೆರಳುಗಳನ್ನು ಉಳಿಸಿದೆ, ಪಾದದ ಮೂಳೆ ಬಿರುಕು ಬಿಟ್ಟಿದೆ. ಆಂಬುಲೆನ್ಸ್ 6 ನಿಮಿಷದಲ್ಲಿ ಬಂತು. ಅದನ್ನು ಹತ್ತುವಾಗಲೂ ಆ ಸೂಟ್‌ಕೇಸ್ ಚಕ್ರ ಅವರ ಕೈಯಲ್ಲೇ ಇತ್ತು.

ಟಗ್ ಅನ್ನು ಕೆಲಸದಿಂದ ತೆಗೆದು ಕೀ ಸೇಫ್ಟಿ ವಿಭಾಗಕ್ಕೆ ಕೊಟ್ಟಿದ್ದೇನೆ. ಈ ರಾತ್ರಿಯಿಂದಲೇ ಗಾಡಿ ನಂಬರ್ ಹೇಳದೆ ಯಾರೂ "ಬಾ" ಅನ್ನುವಂತಿಲ್ಲ. ಹೈಮಾಸ್ಟ್ ದೀಪಗಳು, ಬೆಳಗಿನ ಜಾವ 4ಕ್ಕೆ ಇದನ್ನು ಬರೆಯುವಾಗಲೂ, ಹಾಗೇ ಇವೆ.