ಕ್ರಯದ ಕರಾರು ರದ್ದು ಮಾಡಿರುವ ಬಗ್ಗೆ

ಉಡುಪಿ, 17 ನವೆಂಬರ್ 2025
ಸ್ಪೀಡ್ ಪೋಸ್ಟ್ ಮತ್ತು ವಾಟ್ಸಾಪ್ ಮೂಲಕ

ಪ್ರಶಾಂತ್ ಅವರಿಗೆ ನಮಸ್ಕಾರ.

ಹಿರಿಯಡ್ಕದ ನನ್ನ 15 ಸೆಂಟ್ಸ್ ಜಾಗದ ಬಗ್ಗೆ 10 ಫೆಬ್ರವರಿ 2025ರಂದು ನಾವು ಮಾಡಿಕೊಂಡು, ಉಡುಪಿಯ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದ ಕ್ರಯದ ಕರಾರನ್ನು ಇಂದಿನಿಂದ ರದ್ದು ಮಾಡಿದ್ದೇನೆ.

ಸೆಂಟ್ಸಿಗೆ 3,20,000ದಂತೆ ಒಟ್ಟು 48,00,000 ರೂಪಾಯಿಗೆ ಮಾತಾಗಿತ್ತು. ನೀವು 5,00,000 ಮುಂಗಡ ಕೊಟ್ಟಿದ್ದೀರಿ. ಬಾಕಿ 43,00,000ಕ್ಕೆ ಆಗಸ್ಟ್ 10 ಕಡೇ ದಿನ. ಬ್ಯಾಂಕ್ ಸಾಲ ತಡವಾಗ್ತಿದೆ ಎಂದಿರಿ. ಅಕ್ಟೋಬರ್ 31ರವರೆಗೆ ಬರಹದಲ್ಲೇ ಸಮಯ ಕೊಟ್ಟೆ. ಆಮೇಲೆ ನವೆಂಬರ್ 15ರೊಳಗೆ ಹಣ ತಂದು ರಿಜಿಸ್ಟ್ರಿ ಮಾಡಿಸಿಕೊಳ್ಳಿ, ಇಲ್ಲದಿದ್ದರೆ ಕರಾರು ಉಳಿಯುವುದಿಲ್ಲ ಎಂದು ನವೆಂಬರ್ 3ರಂದು ನೋಟಿಸ್ ಕಳಿಸಿದೆ. ಅದು ನಿಮ್ಮ ಕೈ ಸೇರಿದ ರಸೀದಿ ನನ್ನಲ್ಲಿದೆ. ಹಣವೂ ಬರಲಿಲ್ಲ, ಉತ್ತರವೂ ಬರಲಿಲ್ಲ.

ನನ್ನ ಕಡೆಯಿಂದ ಏನೂ ಬಾಕಿ ಇರಲಿಲ್ಲ. ಕನ್ವರ್ಷನ್ ಆದೇಶ, ಪಂಚಾಯತಿನ 9/11, ಇಸಿ ಎಲ್ಲವನ್ನೂ ಜೂನ್‌ನಲ್ಲೇ ನಿಮ್ಮ ವಕೀಲರಿಗೆ ತೋರಿಸಿದ್ದೇನೆ. ಉತ್ತರದ ಪಾಗಾರ ಪಕ್ಕದವರ ಜಾಗಕ್ಕೆ ಹೋಗಿದೆಯಾ ಎಂದು ನೀವು ಕೇಳಿದಾಗ ಸರ್ವೇಯರ್ ಕರೆಸಿ ಅಳತೆ ಮಾಡಿಸಿ, ನಾಲ್ಕೂ ಮೂಲೆಗೆ ಕಲ್ಲು ಹಾಕಿಸಿದೆ. ನೀವೇ ನಿಂತು ನೋಡಿದ್ದೀರಿ ಅಲ್ವಾ?

ಇನ್ನು ಮುಂಗಡದ ವಿಷಯ. ಖರೀದಿದಾರರು ತಪ್ಪಿದರೆ ಪೂರ್ತಿ ಮುಂಗಡ ಮುಟ್ಟುಗೋಲು ಎಂದು ಕರಾರಿನಲ್ಲಿದೆ. ಹಾಗೆ ಮಾಡಲು ನನಗೆ ಮನಸ್ಸಿಲ್ಲ. ಅದು ನಿಮ್ಮ ದುಡಿಮೆಯ ಹಣ. ನನಗೆ ನಿಜವಾಗಿ ಆದ ನಷ್ಟ ಮಾತ್ರ ಹಿಡಿದುಕೊಳ್ಳುತ್ತೇನೆ. ನಿಮ್ಮ ಹಣ ನಂಬಿ ಮಣಿಪಾಲದಲ್ಲಿ ಮಗಳಿಗೆಂದು ನೋಡಿದ್ದ ಫ್ಲಾಟಿಗೆ ಕೊಟ್ಟ 1,00,000 ಹೋಯಿತು. ಅಳತೆ, ಕಲ್ಲು, ಕಾಗದಪತ್ರಕ್ಕೆ 20,000 ಆಗಿದೆ. ಎರಡರ ರಸೀದಿಯ ಪ್ರತಿಯೂ ಜೊತೆಗಿದೆ. ಉಳಿದ 3,80,000 ನಿಮಗೆ ವಾಪಸ್.

ಕರಾರು ನೋಂದಣಿಯಾಗಿರುವುದರಿಂದ ಇಸಿಯಲ್ಲಿ ಕಾಣುತ್ತದೆ. ಅದನ್ನು ತೆಗೆಸದೆ ನಾನು ಬೇರೆಯವರಿಗೆ ಮಾರುವುದು ಕಷ್ಟ. ಹಾಗಾಗಿ ಡಿಸೆಂಬರ್ 1, ಸೋಮವಾರ ಬೆಳಿಗ್ಗೆ 11ಕ್ಕೆ ಅದೇ ಸಬ್ ರಿಜಿಸ್ಟ್ರಾರ್ ಕಚೇರಿಗೆ ಆಧಾರ್ ಮತ್ತು ಮೂಲ ಕರಾರು ತೆಗೆದುಕೊಂಡು ಬನ್ನಿ. ರದ್ದತಿ ಪತ್ರಕ್ಕೆ ಸಹಿ ಹಾಕೋಣ. ಅದರ ಖರ್ಚು ನನ್ನದು. ಹಣವನ್ನು ಅಲ್ಲಿಂದಲೇ ಆರ್‌ಟಿಜಿಎಸ್ ಮಾಡುತ್ತೇನೆ. ಜಾಗದ ಮುಂಗಡ 20,000 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ನಗದಾಗಿ ಹಿಂದಿರುಗಿಸುವಂತಿಲ್ಲ. ಆದ್ದರಿಂದ ಮುಂಗಡ ಬಂದ ಖಾತೆಗೇ ಹೋಗುತ್ತದೆ.

ನೀವು ಬರದಿದ್ದರೂ ನಿಮ್ಮ ಹಣ ತಡೆಹಿಡಿಯುವುದಿಲ್ಲ, ಡಿಸೆಂಬರ್ 2ರಂದು ಕಳಿಸುತ್ತೇನೆ. ಆದರೆ ಇಸಿಯಲ್ಲಿರುವ ನಮೂದಿಗಾಗಿ ಉಡುಪಿಯ ಸಿವಿಲ್ ಕೋರ್ಟಿಗೆ ಹೋಗಬೇಕಾಗುತ್ತದೆ. ಲೆಕ್ಕದಲ್ಲಿ ತಕರಾರಿದ್ದರೆ ಅದಕ್ಕೆ ಮೊದಲೇ ಬರೆದು ತಿಳಿಸಿ, ಕೂತು ಮಾತಾಡೋಣ.

ಜಾಗ ನನ್ನ ಸ್ವಾಧೀನದಲ್ಲೇ ಇದೆ. ಗೇಟಿನ ಹತ್ತಿರ ನೀವು ಇಳಿಸಿಟ್ಟ ಕೆಂಪುಕಲ್ಲು ನಿಮ್ಮದೇ, ಡಿಸೆಂಬರ್ 15ರೊಳಗೆ ಸಾಗಿಸಿ. ಬರುವ ದಿನ ಫೋನ್ ಮಾಡಿದರೆ ಗೇಟು ತೆಗೆಸಿಡುತ್ತೇನೆ.

ಇಂತಿ,
ಸದಾನಂದ
ಜಾಗದ ಮಾಲೀಕ